ರಾತ್ರಿ ಎಮ್ಮೆ ಒದ್ದಾಡುತ್ತಿದೆ, ಕರು ಬರುತ್ತಿಲ್ಲ: ಎಳೆಯುವ ಮೊದಲು ಗರ್ಭ ತಿರುಚಿದೆಯಾ ನೋಡಿ

"ಮಧ್ಯಾಹ್ನದಿಂದ ಎಮ್ಮೆ ಒದ್ದಾಡ್ತಿದೆ, ನೀರಿನ ಚೀಲವೇ ಕಾಣಿಸ್ತಿಲ್ಲ, ಕೈ ಹಾಕಿ ಎಳೆಯಬಹುದಾ?" ಪಶು ವೈದ್ಯಕೀಯ ಸಹಾಯಕನಾದ ನನಗೆ ರಾತ್ರಿ ಹೊತ್ತು ಬರುವ ಫೋನುಗಳಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಇದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರೂ ಇದನ್ನೇ ಕೇಳುತ್ತಾರೆ. ಉತ್ತರ ಒಂದೇ. ಎಳೆಯಬೇಡಿ. ಮೊದಲು ಗರ್ಭಕೋಶ ತಿರುಚಿದೆಯಾ ಅಂತ ನೋಡಬೇಕು.

ಎಮ್ಮೆಗಳಲ್ಲಿ ತಾಯಿಯ ಕಡೆಯಿಂದ ಹೆರಿಗೆ ಕಷ್ಟವಾಗಲು ಇರುವ ದೊಡ್ಡ ಕಾರಣವೇ ಇದು. ಹಿಟ್ಟು ತುಂಬಿದ ಬಟ್ಟೆಚೀಲದ ಬಾಯನ್ನು ಹಿಡಿದು ಒಂದು ಸುತ್ತು ತಿರುಗಿಸಿ ನೋಡಿ. ಬಾಯಿ ಮುಚ್ಚಿಹೋಗುತ್ತದೆ. ಒಳಗಿನದು ಎಷ್ಟು ಒತ್ತಿದರೂ ಹೊರಗೆ ಬರುವುದಿಲ್ಲ. ದಿನ ತುಂಬಿದ ಗರ್ಭಕೋಶ ಹೊಟ್ಟೆಯಲ್ಲಿ ಜೋತಾಡುತ್ತಿರುತ್ತದೆ. ಎಮ್ಮೆ ಏಳುವಾಗ ಹಿಂಭಾಗವನ್ನು ಮೊದಲು ಎತ್ತುತ್ತದೆ. ಅಂಥ ಹೊತ್ತಿನಲ್ಲಿ ಜಾರಿದರೆ, ಅಥವಾ ಒಳಗೆ ಕರು ಜೋರಾಗಿ ಹೊರಳಿದರೆ, ಭಾರದ ಚೀಲ ಒಂದು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಎಡಗಡೆ ದೊಡ್ಡ ಹೊಟ್ಟೆ ತುಂಬಿಕೊಂಡಿರುವುದರಿಂದ ಎಮ್ಮೆಗಳಲ್ಲಿ ಬಹುಪಾಲು ತಿರುಚು ಬಲಗಡೆಗೇ ಆಗುತ್ತದೆ.

ಹಂತಗಳನ್ನು ಬರೀ ಪಟ್ಟಿಯಾಗಿ ಕೊಟ್ಟರೆ ಕೈಗೆ ಹತ್ತುವುದಿಲ್ಲ. ಹಾಗಾಗಿ ಒಂದೇ ರಾತ್ರಿಯ ಕೆಲಸವನ್ನು ಜೊತೆಗಿಟ್ಟುಕೊಂಡು ಹೇಳುತ್ತೇನೆ. ಅದು ಮೂರನೇ ಸೂಲಿನ ಎಮ್ಮೆ. ದಿನ ತುಂಬಿತ್ತು. ರಾತ್ರಿ 10.30ಕ್ಕೆ ಫೋನ್ ಬಂತು.

1. ಮೊದಲು ಗಂಟೆಯ ಲೆಕ್ಕ ಹಾಕಿ

ಫೋನಿನಲ್ಲೇ ನಾನು ಕೇಳುವ ಮೊದಲ ಮಾತು, "ಒದ್ದಾಟ ಯಾವಾಗ ಶುರುವಾಯಿತು?" ಎಮ್ಮೆ ಸುಮಾರು 310 ದಿನಕ್ಕೆ ಈಯುತ್ತದೆ. ಹೆರಿಗೆಯ ಮೊದಲ ಹಂತದಲ್ಲಿ ಅದು ಚಡಪಡಿಸುತ್ತದೆ, ಬಾಲ ಎತ್ತುತ್ತದೆ, ಮಲಗಿ ಏಳುತ್ತದೆ. ಈ ಹಂತಕ್ಕೆ ಕೆಲವು ಗಂಟೆ ಹಿಡಿಯುವುದು ಸಹಜ. ಆಮೇಲೆ ನೀರಿನ ಚೀಲ ಕಾಣಿಸಬೇಕು, ಜೋರಾಗಿ ತಿಣುಕಬೇಕು. ಅಲ್ಲಿಂದ ಒಂದು ಗಂಟೆಯ ಆಸುಪಾಸಿನಲ್ಲಿ ಕರು ಹೊರಗೆ ಬರಬೇಕು.

ತಿರುಚಿದ ಎಮ್ಮೆ ಹೀಗೆ ಮುಂದಕ್ಕೆ ಹೋಗುವುದೇ ಇಲ್ಲ. ಗಂಟೆಗಟ್ಟಲೆ ಚಡಪಡಿಸುತ್ತದೆ. ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಮೇವು, ಮೆಲುಕು ಬಿಡುತ್ತದೆ. ನೀರಿನ ಚೀಲ ಬರುವುದಿಲ್ಲ. ಸ್ವಲ್ಪ ತಿಣುಕಿ ಸುಮ್ಮನಾಗಿಬಿಡುತ್ತದೆ. ಮೋಸ ಹೋಗುವುದು ಇಲ್ಲೇ. "ನೋವು ನಿಂತಿದೆ, ಇನ್ನೂ ದಿನ ಇದೆಯೇನೋ" ಅಂದುಕೊಂಡು ಮನೆಯವರು ಮಲಗಿಬಿಡುತ್ತಾರೆ. ಎಮ್ಮೆ ನೋವು ತಾಳಿಕೊಳ್ಳುವ ಪ್ರಾಣಿ, ಜಾಸ್ತಿ ಕೂಗಾಡುವುದಿಲ್ಲ. ಅದು ಸುಮ್ಮನಿದೆ ಅಂದರೆ ಆರಾಮಾಗಿದೆ ಅಂತಲ್ಲ.

ಆ ರಾತ್ರಿಯ ಎಮ್ಮೆ ಮಧ್ಯಾಹ್ನ 1 ಗಂಟೆಯಿಂದ ಒದ್ದಾಡಿ, ಸಂಜೆ 7ಕ್ಕೆ ಸುಮ್ಮನಾಗಿತ್ತು. ಅಂದರೆ ಫೋನ್ ಬರುವ ಹೊತ್ತಿಗೆ ಒಂಬತ್ತೂವರೆ ಗಂಟೆ ಕಳೆದಿತ್ತು. ತಡವಾಗಿತ್ತು, ಆದರೆ ಕೈ ಮೀರಿರಲಿಲ್ಲ. ಒಂದೂವರೆ ದಿನ ದಾಟಿದರೆ ಕರು ಬದುಕುವುದು ಕಷ್ಟ. ತಿರುಚು ಬಿಚ್ಚಿದರೂ ಗರ್ಭದ ಬಾಯಿ ತೆರೆಯದೇ ಹೋಗಬಹುದು.

2. ನಾನು ಬರುವಷ್ಟರಲ್ಲಿ ನೀವು ಸಿದ್ಧ ಮಾಡಬೇಕಾದದ್ದು

ತಿರುಚು ಬಿಚ್ಚಲು ಎಮ್ಮೆಯನ್ನೇ ನೆಲದ ಮೇಲೆ ಉರುಳಿಸಬೇಕಾಗುತ್ತದೆ. ಅದಕ್ಕೆ ಜನ ಬೇಕು, ಕಡಿಮೆ ಅಂದರೂ ಏಳು ಮಂದಿ. ಒಂದು ಗಟ್ಟಿ ಹಲಗೆ ಬೇಕು. 9ರಿಂದ 12 ಅಡಿ ಉದ್ದ, ಮುಕ್ಕಾಲು ಅಡಿಯಿಂದ ಒಂದು ಅಡಿ ಅಗಲ ಇರಲಿ. ಮೊಳೆ ಇದ್ದರೆ ಕಿತ್ತುಬಿಡಿ. ಮೂರು ಹಗ್ಗ, ಎರಡು ಬಕೆಟ್ ಬೆಚ್ಚಗಿನ ನೀರು, ಸೋಪು, ಒಣ ಹುಲ್ಲು, ಒಣ ಬಟ್ಟೆ ಇರಲಿ. ಕೊಟ್ಟಿಗೆಯ ಕಲ್ಲು ನೆಲದ ಮೇಲೆ ಉರುಳಿಸಲು ಆಗುವುದಿಲ್ಲ. ಹೊರಗೆ ಮೆತ್ತನೆಯ ಸಮತಟ್ಟು ಜಾಗ ನೋಡಿ ಹುಲ್ಲು ಹಾಸಿ. ಬೆಳಕಿಗೆ ತಲೆಗೆ ಕಟ್ಟುವ ಬ್ಯಾಟರಿಯೇ ಒಳ್ಳೆಯದು. ಕಪ್ಪು ಮೈಯ ಪ್ರಾಣಿ, ಕತ್ತಲೆ ಬೇರೆ. ಮೊಬೈಲ್ ಹಿಡಿದು ನಿಂತವರು ಕರು ನೋಡುವ ಆತುರದಲ್ಲಿ ಬೆಳಕನ್ನು ಎತ್ತಲೋ ತಿರುಗಿಸಿಬಿಡುತ್ತಾರೆ.

ಮೂರು ಕೆಲಸ ಖಂಡಿತ ಬೇಡ. ಯಾರೂ ಕೈ ಹಾಕಬಾರದು. ಎಣ್ಣೆ ಕುಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿದರೆ ಎಮ್ಮೆಯೇ ಹೋಗುತ್ತದೆ. "ನೋವು ಬರುವ ಇಂಜೆಕ್ಷನ್" ಕೊಡಿಸಲೇಬಾರದು. ಆಕ್ಸಿಟೋಸಿನ್ ಅನ್ನುವ ಆ ಔಷಧ ಗರ್ಭಕೋಶವನ್ನು ಜೋರಾಗಿ ಹಿಂಡುತ್ತದೆ. ಬಾಯಿ ಮುಚ್ಚಿದ ಚೀಲವನ್ನು ಹಿಂಡಿದರೆ ಅದು ಹರಿಯಬಹುದು. ಆ ರಾತ್ರಿ ಪಕ್ಕದ ಮನೆಯವರೊಬ್ಬರು ಆ ಇಂಜೆಕ್ಷನ್ ತಂದು ಕೈಯಲ್ಲಿ ಹಿಡಿದೇ ನಿಂತಿದ್ದರು. ಮನೆಯ ಅಕ್ಕ "ಅವರು ಬರಲಿ, ತಡೀರಿ" ಅಂದಿದ್ದರಿಂದ ಎಮ್ಮೆ ಉಳಿಯಿತು ಅಂತ ನಾನು ಈಗಲೂ ನಂಬಿದ್ದೇನೆ.

3. ಕೈ ಹಾಕಿ ನೋಡುವುದು

ಇದು ತರಬೇತಿ ಇದ್ದವರು ಮಾತ್ರ ಮಾಡುವ ಕೆಲಸ. ಮನೆಯವರು ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳಲಿ ಎಂದು ಬಿಡಿಸಿ ಹೇಳುತ್ತಿದ್ದೇನೆ. ಉಗುರು ಕತ್ತರಿಸಿರಬೇಕು, ಉಂಗುರ, ವಾಚು ತೆಗೆದಿರಬೇಕು. ಭುಜದವರೆಗಿನ ಗ್ಲೌಸ್ ಹಾಕಲೇಬೇಕು. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಹೆರಿಗೆಯ ನೀರಿನಿಂದ ಮನುಷ್ಯರಿಗೂ ಹತ್ತುತ್ತದೆ. ಎಮ್ಮೆಯ ಹಿಂಭಾಗವನ್ನು ಸೋಪು ನೀರಿನಲ್ಲಿ ಎರಡು ಸಲ ತೊಳೆಯಿರಿ. ಗ್ಲೌಸಿಗೆ ಜಾರುವ ಜೆಲ್ ಧಾರಾಳವಾಗಿ ಹಚ್ಚಿ. ಒಳಗೆ ಸೋಪು ಬಳಸಬೇಡಿ, ಇರುವ ಲೋಳೆಯೂ ಒಣಗಿಹೋಗುತ್ತದೆ.

ಸಹಜವಾಗಿದ್ದರೆ ಕೈ ನೇರವಾಗಿ ಒಳಗೆ ಹೋಗಿ ಗರ್ಭದ ಬಾಯಿಗೆ, ಅಥವಾ ಕರುವಿನ ಕಾಲಿಗೆ ತಾಗುತ್ತದೆ. ತಿರುಚಿದ್ದರೆ ದಾರಿ ಮುಂದೆ ಹೋದಂತೆ ಕಿರಿದಾಗುತ್ತದೆ. ಯೋನಿಯ ಗೋಡೆಯಲ್ಲಿ ಹಗ್ಗ ಹೊಸೆದ ಹಾಗೆ ಮಡಿಕೆಗಳು ಸಿಗುತ್ತವೆ. ಮಡಿಕೆಗಳ ಜಾಡು ಹಿಡಿದು ಕೈಯನ್ನು ಮೆಲ್ಲಗೆ ಮುಂದೆ ಬಿಡಿ. ಸ್ಕ್ರೂ ಬಿಗಿ ಮಾಡುವಾಗ ತಿರುಗುವ ಹಾಗೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ಕೈ ತಿರುಗುತ್ತಾ ಹೋದರೆ ಬಲ ತಿರುಚು. ಎದುರು ದಿಕ್ಕಾದರೆ ಎಡ ತಿರುಚು. ಇದು ಹಿಂದೆ ನಿಂತು ನೋಡುವವರ ಲೆಕ್ಕ.

ಈ ದಿಕ್ಕನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ತಪ್ಪು ದಿಕ್ಕಿಗೆ ಉರುಳಿಸಿದರೆ ಅರ್ಧ ಸುತ್ತು ಇದ್ದದ್ದು ಒಂದು ಸುತ್ತಾಗುತ್ತದೆ. ನಾನು ಒಮ್ಮೆ ನೋಡಿ, ಕೈ ಹೊರತೆಗೆದು, ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡುತ್ತೇನೆ. ಅನುಭವ ಇದ್ದವರು ಗುದದ್ವಾರದಿಂದಲೂ ಕೈ ಹಾಕಿ, ಗರ್ಭಕೋಶವನ್ನು ಹಿಡಿದಿಟ್ಟಿರುವ ಅಗಲ ಪಟ್ಟಿಗಳು ಯಾವ ಕಡೆಗೆ ಎಳೆದುಕೊಂಡಿವೆ ಅಂತ ನೋಡಿ ಗಟ್ಟಿ ಮಾಡಿಕೊಳ್ಳುತ್ತಾರೆ. ಬಲ ತಿರುಚಿನಲ್ಲಿ ಎಡಗಡೆಯ ಪಟ್ಟಿ ಗರ್ಭಕೋಶದ ಮೇಲಿಂದ ಬಿಗಿಯಾಗಿ ಬಲಕ್ಕೆ ಹಾದಿರುತ್ತದೆ.

ಕೈ ಹೊರಬಂದಾಗ ಗ್ಲೌಸ್ ನೋಡಿ, ಮೂಸಿ. ಕಂದು ಬಣ್ಣದ ನಾರುವ ನೀರು ಇದ್ದರೆ ಕರು ಸತ್ತು ಹೊತ್ತಾಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ಸಹಾಯಕರು ಕೈ ನಿಲ್ಲಿಸಿ ವೈದ್ಯರಿಗೆ ಒಪ್ಪಿಸಬೇಕು. ಆ ರಾತ್ರಿ ಗ್ಲೌಸ್ ಮೇಲೆ ಸ್ವಚ್ಛವಾದ ಲೋಳೆ ಮಾತ್ರ ಇತ್ತು. ಕೈ ಬಲಕ್ಕೆ ತಿರುಗಿ ಮೊಣಕೈ ಹತ್ತಿರ ಸಿಕ್ಕಿಕೊಂಡಿತು.

4. ಉರುಳಿಸುವ ಮೊದಲು ವೈದ್ಯರಿಗೆ ಫೋನ್ ಮಾಡಿ

ಉರುಳಿಸಿಯೂ ಬಿಚ್ಚದಿದ್ದರೆ ಉಳಿಯುವುದು ಹೊಟ್ಟೆ ಕೊಯ್ದು ಕರು ತೆಗೆಯುವ ಶಸ್ತ್ರಕ್ರಿಯೆ ಮಾತ್ರ. ಅದು ವೈದ್ಯರ ಕೆಲಸ. ಸೋತ ಮೇಲೆ ಕರೆದರೆ ಅವರು ಬರುವಷ್ಟರಲ್ಲಿ ಇನ್ನೂ ಎರಡು ಗಂಟೆ ಕಳೆಯುತ್ತದೆ. ನಾನು ಫೋನ್ ಮಾಡಿದಾಗ ಡಾಕ್ಟರು ಬೇರೊಂದು ಊರಿನಲ್ಲಿ ಇನ್ನೊಂದು ಹಸುವಿನ ಕೆಲಸದಲ್ಲಿದ್ದರು. "ಮೂರು ಸಲ ಉರುಳಿಸು, ಪ್ರತಿ ಸಲವೂ ನೋಡು. ಆಗಲಿಲ್ಲ ಅಂದರೆ ನಿಲ್ಲಿಸು, ಇಲ್ಲಿ ಮುಗಿಸಿ ಬರ್ತೀನಿ" ಅಂದರು. ಈ ಮೂರು ಅನ್ನುವ ಗಡಿಯನ್ನು ನಾನು ಮೀರುವುದಿಲ್ಲ. ಹತ್ತು ಸಲ ಉರುಳಿಸಿ ಬಳಲಿದ ಎಮ್ಮೆ ಆಮೇಲೆ ಶಸ್ತ್ರಕ್ರಿಯೆಯನ್ನೂ ತಾಳುವುದಿಲ್ಲ.

5. ಕೆಡವಿ ಉರುಳಿಸುವುದು

ಹಿಂದಿರುವ ಲೆಕ್ಕ ಗೊತ್ತಿದ್ದರೆ ಕೈ ತಪ್ಪುವುದಿಲ್ಲ. ಹೊಟ್ಟೆಯೊಳಗಿನ ಚೀಲ ಬಲಕ್ಕೆ ತಿರುಗಿದೆ. ಅದನ್ನು ಹಿಂದಕ್ಕೆ ತಿರುಗಿಸಲು ನಮ್ಮ ಕೈಗೆ ಎಟುಕುವುದಿಲ್ಲ. ಅದಕ್ಕೆ ಚೀಲವನ್ನು ಹಲಗೆಯಿಂದ ಒತ್ತಿ ಅಲ್ಲೇ ನಿಲ್ಲಿಸುತ್ತೇವೆ, ಎಮ್ಮೆಯ ಮೈಯನ್ನು ಅದೇ ಬಲಕ್ಕೆ ತಿರುಗಿಸುತ್ತೇವೆ. ಮೈ ಹೋಗಿ ಚೀಲವನ್ನು ಸೇರಿಕೊಳ್ಳುತ್ತದೆ. ಚೀಲ ತಿರುಗಿದ ದಿಕ್ಕಿಗೇ ಎಮ್ಮೆಯನ್ನೂ ಉರುಳಿಸಬೇಕು ಅನ್ನುವುದು ಇದಕ್ಕೇ. ತುಂಬಾ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ.

ಬಲ ತಿರುಚಿಗೆ ಎಮ್ಮೆಯನ್ನು ಬಲ ಮಗ್ಗುಲಿಗೆ ಕೆಡವಿ. ಕುತ್ತಿಗೆಗೆ ಬಿಗಿಯದ ಗಂಟು ಹಾಕಿ, ಅದೇ ಹಗ್ಗವನ್ನು ಮುಂಗಾಲಿನ ಹಿಂದೆ ಒಂದು ಸುತ್ತು, ಕೆಚ್ಚಲಿಗೆ ತಾಗದಂತೆ ಅದರ ಮುಂದೆ ಇನ್ನೊಂದು ಸುತ್ತು ತಂದು ಹಿಂದಕ್ಕೆ ಮೆಲ್ಲಗೆ ಎಳೆದರೆ ಎಮ್ಮೆ ತಾನಾಗಿ ಕುಸಿಯುತ್ತದೆ. ತಲೆ ನೆಲಕ್ಕೆ ಬಡಿಯದ ಹಾಗೆ ಒಬ್ಬರು ಹಿಡಿದಿರಲಿ. ಆಮೇಲೆ ಎರಡು ಮುಂಗಾಲು ಸೇರಿಸಿ ಒಂದು ಹಗ್ಗ, ಎರಡು ಹಿಂಗಾಲು ಸೇರಿಸಿ ಇನ್ನೊಂದು ಹಗ್ಗ ಕಟ್ಟಿ. ಹಗ್ಗದ ತುದಿಗಳು ಬೆನ್ನಿನ ಕಡೆ ನಿಂತವರ ಕೈಯಲ್ಲಿರಲಿ.

ಹಲಗೆಯ ಒಂದು ತುದಿ ನೆಲದ ಮೇಲೆ, ಉಳಿದ ಭಾಗ ಮೇಲಕ್ಕಿರುವ ಎಡ ಹೊಟ್ಟೆಯ ಮೇಲೆ ಬರಬೇಕು. ಪಕ್ಕೆಲುಬು ಮುಗಿದು ತೊಡೆ ಶುರುವಾಗುವುದರ ನಡುವಿನ ಮೆತ್ತನೆಯ ಜಾಗ ಅದು. ಒಬ್ಬರು ಹಲಗೆಯ ಮೇಲೆ ಹತ್ತಿ ನಿಲ್ಲಬೇಕು. ದೊಡ್ಡ ಎಮ್ಮೆಯಾದರೆ ಇಬ್ಬರು. ಈಗ ಮುಂಗಾಲು, ಹಿಂಗಾಲಿನ ಹಗ್ಗವನ್ನು ಒಟ್ಟಿಗೆ, ನಿಧಾನವಾಗಿ ಎಳೆಯಿರಿ. ಕಾಲುಗಳು ಆಕಾಶಕ್ಕೆ ಬರುತ್ತವೆ, ಬೆನ್ನು ನೆಲಕ್ಕೆ ಬರುತ್ತದೆ, ಆಮೇಲೆ ಎಮ್ಮೆ ಎಡ ಮಗ್ಗುಲಿಗೆ ಬರುತ್ತದೆ. ಅಷ್ಟೂ ಹೊತ್ತು ಹಲಗೆಯ ಮೇಲಿನವರು ಹೊಟ್ಟೆಯ ಮೇಲಿನ ಒತ್ತು ಬಿಡದೆ ಹೆಜ್ಜೆ ಸರಿಸುತ್ತಾ ಇರಬೇಕು.

ನಮ್ಮ ಮೊದಲ ಸಲ ಕೆಟ್ಟಿತು. ಹುಡುಗರು ಹುರುಪಿನಲ್ಲಿ ಜಗ್ಗಿಬಿಟ್ಟರು. ಹಲಗೆ ಪಕ್ಕೆಲುಬಿನ ಮೇಲೆ ಜಾರಿತು. ಒತ್ತು ತಪ್ಪಿದಾಗ ಮೈ ಜೊತೆ ಚೀಲವೂ ಉರುಳುತ್ತದೆ, ಆದದ್ದು ಏನೂ ಇಲ್ಲ. ಕೈ ಹಾಕಿದರೆ ಮಡಿಕೆಗಳು ಹಾಗೇ ಇದ್ದವು.

ಇಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ. ಎರಡನೇ ಸಲಕ್ಕೆ ಎಮ್ಮೆ ಮತ್ತೆ ಬಲ ಮಗ್ಗುಲಿಗೆ ಬರಬೇಕಲ್ವಾ? ಬೆನ್ನ ಮೇಲಿಂದ ವಾಪಸ್ ಉರುಳಿಸಿದರೆ ಬಿಚ್ಚಿದ್ದು ಮತ್ತೆ ಸುತ್ತಿಕೊಳ್ಳುತ್ತದೆ. ಎಡ ಮಗ್ಗುಲಿನಿಂದ ಅದನ್ನು ಎದೆಯ ಮೇಲೆ ಕೂರಿಸಿ, ಅಲ್ಲಿಂದ ಬಲಕ್ಕೆ ಒರಗಿಸಿ. ಆಗ ಮೈ ಒಂದೇ ದಿಕ್ಕಿಗೆ ತಿರುಗುತ್ತಾ ಹೋಗುತ್ತದೆ.

ಎರಡನೇ ಸಲ ನಾನೇ ಎಣಿಸುತ್ತಾ ಹೋದೆ, ಅವರು ಎಣಿಕೆಗೆ ತಕ್ಕಂತೆ ಎಳೆದರು. ಮಡಿಕೆಗಳು ಸಡಿಲವಾದವು, ನಾಲ್ಕು ಬೆರಳು ಮುಂದೆ ಹೋದವು. ಮೂರನೇ ಸಲ ಎಮ್ಮೆ ಎಡ ಮಗ್ಗುಲಿಗೆ ಬಂದಾಗ ಕೈ ಹಾಕಿದೆ. ದಾರಿ ಅಗಲವಾಗಿ, ನೇರವಾಗಿ ಇತ್ತು. ಬೆರಳ ತುದಿಗೆ ನೀರಿನ ಚೀಲ, ಅದರಾಚೆ ಒಂದು ಗೊರಸು ತಾಗಿತು. ಗೊರಸುಗಳ ಸಂದಿಯಲ್ಲಿ ಚಿವುಟಿದೆ. ಕಾಲು ಹಿಂದಕ್ಕೆ ಎಳೆದುಕೊಂಡಿತು. ಕರು ಜೀವಂತವಾಗಿತ್ತು. ಆಗ ಗಂಟೆ 12.50.

ಉರುಳಿಸಿದ ಮೇಲೆ ಮಡಿಕೆಗಳು ಮೊದಲಿಗಿಂತ ಹೆಚ್ಚು ಬಿಗಿಯಾಗಿದ್ದರೆ ದಿಕ್ಕು ತಪ್ಪಿದೆ ಅಂತ ಅರ್ಥ. ಅಲ್ಲೇ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿ.

6. ಬಿಚ್ಚಿದ ಕೂಡಲೇ ಎಳೆಯಬೇಡಿ

ಹಗ್ಗ ಬಿಚ್ಚಿ ಎಮ್ಮೆಯನ್ನು ಎಬ್ಬಿಸಿ. ತಿರುಚು ಹೋದರೂ ಗರ್ಭದ ಬಾಯಿ, ಅಂದರೆ ಗರ್ಭಕೋಶ ಮತ್ತು ಯೋನಿಯ ನಡುವಿನ ಬಾಗಿಲು, ಪೂರ್ತಿ ತೆರೆದಿರುವುದಿಲ್ಲ. ಆ ರಾತ್ರಿ ನಾಲ್ಕು ಬೆರಳಿನಷ್ಟೇ ತೆರೆದಿತ್ತು. ಈಗ ಎಳೆದರೆ ಬಾಗಿಲು ಹರಿದು ರಕ್ತ ನಿಲ್ಲುವುದಿಲ್ಲ. ನೀರಿನ ಚೀಲವನ್ನೂ ಒಡೆಯಬೇಡಿ, ಬಾಗಿಲನ್ನು ಮೆತ್ತಗೆ ಅಗಲ ಮಾಡುವುದು ಅದೇ.

ಎಮ್ಮೆಗೆ ಬೆಚ್ಚಗಿನ ನೀರು ಕುಡಿಸಿ, ಸುತ್ತಲಿನ ಜನರನ್ನು ದೂರ ಕಳಿಸಿ, ಕಾಯಿರಿ. ಅರ್ಧ ಗಂಟೆಗೊಮ್ಮೆ ನೋಡಿ. ಎಲ್ಲರಿಗೂ ಕಷ್ಟವಾಗುವ ಹಂತ ಇದೇ. "ಗೊರಸು ಸಿಕ್ಕಿದೆ ಅಂತೀರಿ, ಎಳೀರಿ ಅಣ್ಣ" ಅಂತ ಮನೆಯ ಹುಡುಗ ಮೂರು ಸಲ ಹೇಳಿದ. ನಾನು ಗಡಿಯಾರ ತೋರಿಸಿದೆ. 1.40ಕ್ಕೆ ಚೀಲ ತಾನಾಗಿ ಹೊರಗೆ ಬಂದು ಒಡೆಯಿತು. ಎರಡು ಮೂರು ಗಂಟೆ ಕಾದರೂ ಬಾಯಿ ತೆರೆಯದಿದ್ದರೆ ವೈದ್ಯರೇ ಬರಬೇಕು.

7. ಕಾಲು ತಿದ್ದಿ ಎಳೆಯುವುದು

ಎರಡು ಮುಂಗಾಲು, ಅವುಗಳ ಮೇಲೆ ಒರಗಿದ ಮೂತಿ. ಮೂರೂ ಸಿಗುವವರೆಗೆ ಹಗ್ಗ ಕಟ್ಟಬೇಡಿ. ಸಿಕ್ಕಿದ್ದು ಮುಂಗಾಲೋ ಹಿಂಗಾಲೋ ಅಂತ ತಿಳಿಯಲು ಗೊರಸಿನಿಂದ ಮೇಲಕ್ಕೆ ಎರಡು ಗೆಣ್ಣುಗಳನ್ನು ಮಡಚಿ ನೋಡಿ. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು, ಒಂದಕ್ಕೊಂದು ಎದುರಾಗಿ ಮಡಚಿದರೆ ಹಿಂಗಾಲು.

ನಮಗೆ ಮೂತಿ ಸಿಕ್ಕಿತು, ಒಂದೇ ಕಾಲು ಸಿಕ್ಕಿತು. ಇನ್ನೊಂದು ಮೊಣಕಾಲಿನಲ್ಲಿ ಮಡಚಿಕೊಂಡಿತ್ತು. ಎಮ್ಮೆ ತಿಣುಕುವುದು ನಿಂತ ಕ್ಷಣ ನೋಡಿ ಕರುವನ್ನು ಒಂದು ಗೇಣು ಹಿಂದಕ್ಕೆ ತಳ್ಳಿದೆ. ಜಾಗವಾಯಿತು. ಗೊರಸಿನ ಚೂಪನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಮೊಣಕಾಲನ್ನು ಮೇಲಕ್ಕೂ ಹೊರಕ್ಕೂ ಒತ್ತಿ, ಗೊರಸನ್ನು ಒಳಗಿನಿಂದ ಮುಂದಕ್ಕೆ ತಂದೆ. ಅಂಗೈ ಮುಚ್ಚದೆ ಎಳೆದರೆ ಗೊರಸು ಗರ್ಭಕೋಶವನ್ನು ಸೀಳುತ್ತದೆ.

ಹಗ್ಗವನ್ನು ಗೊರಸಿನ ಮೇಲಿನ ಗೆಣ್ಣು ದಾಟಿಸಿ ಕಟ್ಟಿ, ಗೆಣ್ಣಿನ ಕೆಳಗೆ ಇನ್ನೊಂದು ಸುತ್ತು ಕೊಡಿ. ಎಳೆಯಲು ಇಬ್ಬರು ಸಾಕು. ಎಮ್ಮೆ ತಿಣುಕಿದಾಗ ಮಾತ್ರ ಎಳೆಯಿರಿ, ನಿಂತಾಗ ನೀವೂ ನಿಲ್ಲಿಸಿ. ಎರಡೂ ಕಾಲನ್ನು ಒಟ್ಟಿಗೆ ಜಗ್ಗದೆ ಒಂದಾದ ಮೇಲೊಂದು ಎಳೆದರೆ ಭುಜಗಳು ಓರೆಯಾಗಿ ಸುಲಭವಾಗಿ ಹೊರಗೆ ಬರುತ್ತವೆ. ತಲೆ ಹೊರಬರುವವರೆಗೆ ನೇರಕ್ಕೆ, ಆಮೇಲೆ ಎಮ್ಮೆಯ ಹಿಂಗಾಲಿನ ಕಡೆಗೆ, ಕೆಳಮುಖವಾಗಿ ಎಳೆಯಿರಿ. ಮಧ್ಯೆ ಮಧ್ಯೆ ಜೆಲ್ ಹಚ್ಚುತ್ತಾ ಇರಿ. ಇಬ್ಬರ ಬಲಕ್ಕೆ ಬಾರದ ಕರು ನಾಲ್ವರಿಗೆ ಬರುವಾಗ ತಾಯಿಯನ್ನು ಹರಿದುಕೊಂಡೇ ಬರುತ್ತದೆ. ಗಾಡಿಗೆ ಕಟ್ಟಿ ಎಳೆಯುವುದಂತೂ ಯಾವತ್ತೂ ಬೇಡ.

8. ಕರು, ಆಮೇಲೆ ತಾಯಿ

2.15ಕ್ಕೆ ಹೆಣ್ಣುಗರು ಬಂತು. ಜೋತುಬಿದ್ದಿತ್ತು, ಉಸಿರು ಇರಲಿಲ್ಲ. ಮೂಗು, ಬಾಯಿಯ ಲೋಳೆ ಬಳಿದು ತೆಗೆದೆವು. ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿದೆ. ಕಿವಿಗೆ ತಣ್ಣೀರು ಹಾಕಿದೆ. ಸೀನಿತು, ಉಸಿರೆಳೆಯಿತು. ಕೂಡಲೇ ಎದೆಯ ಮೇಲೆ ಕೂರಿಸಿ ಒಣ ಬಟ್ಟೆಯಿಂದ ಪಕ್ಕೆಗಳನ್ನು ಉಜ್ಜಿದೆವು. ಹಿಂಗಾಲು ಹಿಡಿದು ತುಂಬಾ ಹೊತ್ತು ನೇತಾಡಿಸುವ ಅಭ್ಯಾಸ ಬಿಡಿ. ಹೊಟ್ಟೆಯ ಭಾರವೆಲ್ಲ ಶ್ವಾಸಕೋಶದ ಮೇಲೆ ಬೀಳುತ್ತದೆ.

ಹೊಕ್ಕುಳನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಎರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು. ಮಾಸು ಬೀಳಲಿ ಅಂತ ಕಾಯಬೇಡಿ. 30 ಕೆಜಿ ತೂಕದ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್, ಎರಡು ಮೂರು ಕಂತಿನಲ್ಲಿ ಸಾಕು.

ತಾಯಿಗೆ ಇನ್ನೊಮ್ಮೆ ಕೈ ಹಾಕಿ, ಒಳಗೆ ಎರಡನೇ ಕರು ಇಲ್ಲ, ಗೋಡೆ ಹರಿದಿಲ್ಲ ಅಂತ ನೋಡಿ. ಮಾಸು 12 ಗಂಟೆಯೊಳಗೆ ಬೀಳಬೇಕು. ಅದಕ್ಕೆ ಕಲ್ಲು ಕಟ್ಟಬೇಡಿ, ಎಳೆಯಬೇಡಿ. ತಿರುಚು ಬಿಚ್ಚಿದ ಎಮ್ಮೆಯನ್ನು ವೈದ್ಯರು ಬಂದು ನೋಡಲೇಬೇಕು. ಕಿವಿ ತಣ್ಣಗಾಗುವುದು, ಏಳಲು ಆಗದಿರುವುದು, ಕೆಟ್ಟ ವಾಸನೆಯ ಸ್ರಾವ, ಜ್ವರ ಕಂಡರೆ ಬೆಳಗಾಗಲಿ ಅಂತ ಕೂರಬೇಡಿ.

ಡಾಕ್ಟರು ಬೆಳಗಿನ ಜಾವ 5ಕ್ಕೆ ಬಂದು ಎಮ್ಮೆಗೆ ಬಾಟಲಿ ಏರಿಸಿ, ಇಂಜೆಕ್ಷನ್ ಕೊಟ್ಟು, ಇನ್ನು ನಾಲ್ಕು ದಿನ ಬೆಳಗ್ಗೆ ಸಂಜೆ ಜ್ವರ ನೋಡಿ ಬರೆದಿಡಲು ಹೇಳಿದರು. ಮಾಸು 8 ಗಂಟೆಗೆ ಬಿತ್ತು. ಆ ಹೊತ್ತಿಗೆ ಕರು ಎರಡನೇ ಸಲ ಗಿಣ್ಣುಹಾಲು ಕುಡಿಯುತ್ತಿತ್ತು. ಹಲಗೆಯನ್ನು ಮನೆಯ ಅಕ್ಕ ತೊಳೆದು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದರು.